ಎರಡನೆಯ ದೊಡ್ಡ ಸಂಖ್ಯೆ ಎಲ್ಲಿ ಅಡಗಿದೆ?

ಪರೀಕ್ಷೆಯ ಅಂಕಗಳನ್ನು ಕಂಪ್ಯೂಟರಿನಲ್ಲಿ ‘ಬೈನರಿ ಸರ್ಚ್ ಟ್ರೀ’ ಎಂಬ ರೂಪದಲ್ಲಿ ಜೋಡಿಸಿದ್ದಾರೆ ಎನ್ನೋಣ. ಎರಡನೇ ಸ್ಥಾನದ ಅಂಕ ಎಷ್ಟೆಂದು ತಿಳಿಯಬೇಕು. ಎಲ್ಲ ಅಂಕಗಳನ್ನೂ ಓದಿ ಹೋಲಿಸಿದರೆ ಉತ್ತರ ಸಿಗುತ್ತದೆ, ನಿಜ. ಆದರೆ ಈ ಮರದಲ್ಲಿ ಅಷ್ಟು ಅಲೆಯಬೇಕಿಲ್ಲ.

ಮರ ಬೆಳೆಯುವುದು ಮೇಲಿನಿಂದ ಕೆಳಕ್ಕೆ. ತುದಿಯಲ್ಲಿರುವುದು ಬೇರು. ಒಂದೊಂದು ಸಂಖ್ಯೆ ಕುಳಿತಿರುವ ಜಾಗಕ್ಕೆ ನೋಡ್ ಎಂದು ಹೆಸರು. ಯಾವ ನೋಡ್ ಹಿಡಿದರೂ ಅದಕ್ಕಿಂತ ಚಿಕ್ಕವೆಲ್ಲ ಅದರ ಎಡಕ್ಕೆ, ದೊಡ್ಡವೆಲ್ಲ ಬಲಕ್ಕೆ ಇರುತ್ತವೆ. 50, 30, 70, 60, 90, 80, 75, 85 ಇದೇ ಕ್ರಮದಲ್ಲಿ ಬಂದವು ಎನ್ನಿ. 50 ಬೇರಾಗುತ್ತದೆ, 30 ಎಡಕ್ಕೆ, 70 ಬಲಕ್ಕೆ ಹೋಗುತ್ತವೆ. 70ರ ಎಡಕ್ಕೆ 60, ಬಲಕ್ಕೆ 90. ಆ 90ರ ಎಡಕ್ಕೆ 80, ಅದರ ಎರಡು ಬದಿಗೆ 75 ಮತ್ತು 85.

ಅತಿ ದೊಡ್ಡದು ಬೇಕಾದರೆ ಬಲಕ್ಕೇ ಇಳಿಯುತ್ತ ಹೋಗಬೇಕು: 50, 70, 90. ಮುಂದೆ ಬಲಕ್ಕೆ ದಾರಿಯಿಲ್ಲ, ಹಾಗಾಗಿ 90 ಮೊದಲನೆಯದು. ಅದರ ಮೇಲಿರುವ 70 ಎರಡನೆಯದು ಎಂದು ಅವಸರಪಟ್ಟರೆ ಉತ್ತರ ತಪ್ಪುತ್ತದೆ. 90ರ ಎಡಗೊಂಬೆಯಲ್ಲಿರುವ ಎಲ್ಲವೂ 90ಕ್ಕಿಂತ ಚಿಕ್ಕವು. ಆದರೆ 70ರ ಬಲಬದಿಯಲ್ಲೇ ಇರುವುದರಿಂದ 70ಕ್ಕಿಂತ ದೊಡ್ಡವು. ಆದ್ದರಿಂದ ಆ ಕೊಂಬೆಯಲ್ಲಿ ಅತಿ ದೊಡ್ಡದನ್ನು ಹುಡುಕಬೇಕು. 80ಕ್ಕೆ ಇಳಿದು ಮತ್ತೆ ಬಲಕ್ಕೆ ನಡೆದರೆ 85 ಸಿಗುತ್ತದೆ. ಅದೇ ಉತ್ತರ. 90ರ ಎಡಗೊಂಬೆ ಖಾಲಿಯಿದ್ದಿದ್ದರೆ ಮಾತ್ರ 70 ಉತ್ತರವಾಗುತ್ತಿತ್ತು. ಮರದಲ್ಲಿ ಒಂದೇ ನೋಡ್ ಇದ್ದರೆ ಎರಡನೆಯದು ಇಲ್ಲವೇ ಇಲ್ಲ.

30, 60, 75 ಇವನ್ನು ನಾವು ಮುಟ್ಟಲೇ ಇಲ್ಲ. 30ರ ಕೆಳಗೆ ಲಕ್ಷ ಸಂಖ್ಯೆಗಳಿದ್ದರೂ ಹೆಜ್ಜೆಗಳ ಲೆಕ್ಕ ಬದಲಾಗುತ್ತಿರಲಿಲ್ಲ. ಹುಡುಕಾಟ ಒಂದೇ ದಾರಿಯಲ್ಲಿ ಕೆಳಕ್ಕೆ ಸಾಗುವುದರಿಂದ ಮರದ ಎತ್ತರವೇ ಅದರ ಮಿತಿ. ಹತ್ತು ಲಕ್ಷ ಸಂಖ್ಯೆಗಳು ಸಮತೂಕದಲ್ಲಿ ಹರಡಿಕೊಂಡಿದ್ದರೆ ಎತ್ತರ 20 ಹಂತ ಮಾತ್ರ.

ಆದರೆ ಅಂಕಗಳು ಏರಿಕೆಯ ಕ್ರಮದಲ್ಲೇ ಬಂದರೆ ಪ್ರತಿಯೊಂದೂ ಹಿಂದಿನದರ ಬಲಕ್ಕೆ ಜೋತುಬಿದ್ದು ಮರ ಉದ್ದನೆಯ ಸರಪಳಿಯಾಗುತ್ತದೆ. ಆಗ ಹತ್ತು ಲಕ್ಷವನ್ನೂ ದಾಟಲೇಬೇಕು. ಇಳಿಕೆಯ ಕ್ರಮದಲ್ಲಿ ಬಂದಿದ್ದರೆ ಎರಡೇ ನೋಡ್ ಸಾಕು. ಮರ ಹೀಗೆ ವಾಲದಂತೆ ಪ್ರತಿ ಸೇರ್ಪಡೆಯ ನಂತರ ಸರಿಪಡಿಸಿಕೊಳ್ಳುವ ವಿಧಾನವನ್ನು ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ 1962ರಲ್ಲಿ ಪ್ರಕಟಿಸಿದರು. ಅವರ ಎವಿಎಲ್ ಮರದಲ್ಲಿ ಹತ್ತು ಲಕ್ಷ ಸಂಖ್ಯೆಗಳಿದ್ದರೂ ಎತ್ತರ 30 ಹಂತ ಮೀರುವುದಿಲ್ಲ.

ಇಂಥ ಪ್ರೋಗ್ರಾಂ ಬರೆದವರು ಮೇಲಿನ ಎಂಟು ಸಂಖ್ಯೆಗಳನ್ನೇ ಕೊಟ್ಟು ನೋಡಬಹುದು. 70 ಎಂದು ಬಂದರೆ ಎಡಗೊಂಬೆಯನ್ನು ನೋಡಿಯೇ ಇಲ್ಲ. 80 ಎಂದು ಬಂದರೆ ಆ ಕೊಂಬೆಗೆ ಇಳಿದ ಮೇಲೆ ಬಲಕ್ಕೆ ತಿರುಗುವುದನ್ನು ಮರೆತಿದೆ.