ಇನ್ನೂರು ದಾಟಿದರೂ ತಗ್ಗದ ಹೀಟರ್

ಪೌಡರ್ ಕೋಟಿಂಗ್ ವರ್ಕ್‌ಶಾಪಿನಲ್ಲಿ ಬಣ್ಣದ ಪುಡಿ ಕರಗಿ ಲೋಹಕ್ಕೆ ಕಚ್ಚಿಕೊಳ್ಳಲು ಓವನ್ ಸುಮಾರು 200 ಡಿಗ್ರಿಯಲ್ಲಿರಬೇಕು. ಆದರೆ ಬೆಳಗ್ಗೆ ಸ್ವಿಚ್ ಹಾಕಿದಾಗ ಕೆಲವು ಓವನ್‌ಗಳು 200 ಮುಟ್ಟಿದ ಮೇಲೂ ಪೂರ್ತಿ ಉರಿಯುತ್ತಲೇ ಇರುತ್ತವೆ. ಸೆನ್ಸರ್ ಕೆಟ್ಟಿರಬೇಕೆಂಬ ಅನುಮಾನ ಮೊದಲು ಬರುತ್ತದೆ. ಎಷ್ಟೋ ಸಲ ತಪ್ಪಿರುವುದು ಪಿಐಡಿ ಕಂಟ್ರೋಲರಿನ ಲೆಕ್ಕದಲ್ಲಿ.

ಈ ಕಂಟ್ರೋಲರ್ ಮೂರು ವಿಷಯ ನೋಡುತ್ತದೆ: ಗುರಿಗೆ ಈಗ ಎಷ್ಟು ಕೊರತೆ, ಇದುವರೆಗಿನ ಕೊರತೆಯೆಲ್ಲ ಸೇರಿ ಎಷ್ಟು, ಕೊರತೆ ಎಷ್ಟು ಬೇಗ ಬದಲಾಗುತ್ತಿದೆ. ನಡುವಿನದೇ ಇಂಟಿಗ್ರಲ್. ಅದು ಬೇಕೇ ಬೇಕು. 200 ತಲುಪಿದಾಗ ಕೊರತೆ ಸೊನ್ನೆಯಾದರೂ ಶಾಖ ಸೋರುತ್ತಿರುತ್ತದೆ. ಅದನ್ನು ತುಂಬುವ ಶಕ್ತಿ, ನಮ್ಮ ಉದಾಹರಣೆಯಲ್ಲಿ 40 ಶೇಕಡ, ಈ ಮೊತ್ತದಿಂದಲೇ ಬರಬೇಕು.

ಈಗ ಲೆಕ್ಕ ನೋಡಿ. ಪ್ರತಿ ಡಿಗ್ರಿ ಕೊರತೆಗೆ ಕಂಟ್ರೋಲರ್ 2 ಶೇಕಡ ಶಕ್ತಿ ಕೇಳುತ್ತದೆ. ಒಂದು ಡಿಗ್ರಿ ಕೊರತೆ ಒಂದು ಸೆಕೆಂಡ್ ಉಳಿದರೆ ಇಂಟಿಗ್ರಲ್‌ಗೆ 0.01 ಶೇಕಡ ಸೇರುತ್ತದೆ. ಓವನ್ 25 ಡಿಗ್ರಿಯಲ್ಲಿ ಶುರುವಾದಾಗ ಬೇಡಿಕೆ 350 ಶೇಕಡ. ಹೀಟರ್ ಕೊಡಬಲ್ಲದ್ದು 100 ಮಾತ್ರ. 200 ಮುಟ್ಟಲು 12 ನಿಮಿಷ ಬೇಕೆಂದರೆ, ಅಷ್ಟರಲ್ಲಿ ಇಂಟಿಗ್ರಲ್ 580ರ ಹತ್ತಿರ ಊದಿಕೊಂಡಿರುತ್ತದೆ. ಇದೇ ವೈಂಡ್‌ಅಪ್.

ಆ ಮೊತ್ತ ಇಳಿಯಬೇಕಾದರೆ ಕೊರತೆಯ ಬದಲು ಹೆಚ್ಚುವರಿ ಬೇಕು, ಅಂದರೆ ಓವನ್ ಗುರಿ ದಾಟಿ ಬಿಸಿಯಾಗಲೇಬೇಕು. ಮೇಲಿನ ಓವನ್ನಿನಲ್ಲಿ 200 ದಾಟಿ 10 ನಿಮಿಷ ಹೀಟರ್ ಪೂರ್ತಿ ಉರಿಯುತ್ತದೆ. ಅದು ತಗ್ಗಲು ಶುರುವಾಗುವಾಗ ಉಷ್ಣತೆ 290ರ ಆಸುಪಾಸು!

ಹೀಟರ್ 100 ಮುಟ್ಟಿದಾಗ ಮೊತ್ತ ಕೂಡುವುದನ್ನೇ ನಿಲ್ಲಿಸುವುದು ಸರಳ ಪರಿಹಾರ. ಬ್ಯಾಕ್-ಕ್ಯಾಲ್ಕ್ಯುಲೇಶನ್ ಇನ್ನೂ ಜಾಣತನದ್ದು: ಕೇಳಿದ ಶಕ್ತಿಗೂ ಸಿಕ್ಕ ಶಕ್ತಿಗೂ ಇರುವ ಅಂತರವನ್ನೇ ಇಂಟಿಗ್ರಲ್‌ಗೆ ಹಿಂದಿರುಗಿಸುತ್ತದೆ.

```
dI/dt = 0.01*e + (u_sat - u)/Tt
```

`e` ಕೊರತೆ, `u` ಕೇಳಿದ್ದು, `u_sat` ಸಿಕ್ಕಿದ್ದು. ಎರಡೂ ಸಮವಿದ್ದಾಗ ಕೊನೆಯ ಭಾಗ ಸೊನ್ನೆ, ಹಾಗಾಗಿ ಮಾಮೂಲಿ ಕೆಲಸಕ್ಕೆ ತೊಂದರೆಯಿಲ್ಲ. ಬೇಡಿಕೆ ಮಿತಿ ಮೀರಿದಾಗ ಮಾತ್ರ ಅದು ಮೊತ್ತವನ್ನು ಕೆಳಗೆಳೆಯುತ್ತದೆ. `Tt`ಗೆ 50 ಸೆಕೆಂಡ್ ಕೊಟ್ಟರೆ ನಮ್ಮ ಹೀಟರ್ 170 ಡಿಗ್ರಿಯ ಹತ್ತಿರವೇ ತಗ್ಗತೊಡಗುತ್ತದೆ. ಆಗ ಇಂಟಿಗ್ರಲ್ 40ರ ಸುತ್ತಮುತ್ತ ಇರುವುದರಿಂದ ಉಷ್ಣತೆ 207ರ ಆಚೆಗೆ ಹೋಗುವುದಿಲ್ಲ.

ಹಾಗೆಂದು `Tt` ತೀರಾ ಚಿಕ್ಕದಾಗಿಸಬಾರದು. ಸೆನ್ಸರ್ ಸಿಗ್ನಲ್ ಒಮ್ಮೆ ಜಿಗಿದು ಬೇಡಿಕೆ ಕ್ಷಣಕಾಲ ಮಿತಿ ಮೀರಿದರೂ ಇಂಟಿಗ್ರಲ್ ಅಳಿಸಿಹೋಗುತ್ತದೆ.

ಟ್ರೆಂಡ್ ಗ್ರಾಫಿನಲ್ಲಿ ಉಷ್ಣತೆ ಗುರಿ ದಾಟಿದ್ದರೂ ಔಟ್‌ಪುಟ್ 100ರಲ್ಲೇ ಅಂಟಿಕೊಂಡಿದ್ದರೆ ಮೊದಲು ವೈಂಡ್‌ಅಪ್ ಶಂಕಿಸಿ. ಕಂಟ್ರೋಲರಿನಲ್ಲಿ ಬರೆದಿರುವ ಮಿತಿಯನ್ನೂ ಪರೀಕ್ಷಿಸಿ: ಹೀಟರನ್ನು ಬೇರೆಡೆ 80 ಶೇಕಡಕ್ಕೆ ಕಟ್ಟಿಹಾಕಿ ಇಲ್ಲಿ 100 ಎಂದೇ ಉಳಿಸಿದ್ದರೆ, 80ರಿಂದ 100ರವರೆಗಿನ ಅಂತರ ಕಂಟ್ರೋಲರಿಗೆ ಕಾಣುವುದೇ ಇಲ್ಲ.