ಯುಪಿಐ: ಹಣ ಸಾಗುವ ದಾರಿ

ಪರವೂರಿನಲ್ಲಿ ದುಡಿಯುವ ಮಗನು ಹಳ್ಳಿಯಲ್ಲಿರುವ ತಾಯಿಗೆ ಹಣ ಕಳುಹಿಸಬೇಕಾದರೆ ಹಿಂದೆ ಅಂಚೆ ಕಚೇರಿಗೆ ಹೋಗಿ ಮನಿಯಾರ್ಡರ್ ಮಾಡುತ್ತಿದ್ದನು. ಅಂಚೆಯವನು ತಾಯಿಯ ಕೈಗೆ ಹಣವನ್ನಿತ್ತು ಆಕೆಯ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆಯುತ್ತಿದ್ದನು. ಆ ಗುರುತುಳ್ಳ ಚೀಟಿಯು ಕೆಲವು ದಿನಗಳ ಮೇಲೆ ಮಗನಿಗೆ ಮರಳಿ ಬಂದಾಗ ಮಾತ್ರ ಹಣ ತಲುಪಿತೆಂಬ ನೆಮ್ಮದಿ. ಇಂದು ಅದೇ ಕಾರ್ಯವು ಮೊಬೈಲ್ ಫೋನಿನಲ್ಲಿ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಆದರೂ ಕಳುಹಿಸುವವನ ಒಪ್ಪಿಗೆ, ಹಣದ ಸಾಗಣೆ, ತಲುಪಿದುದರ ರಸೀತಿ ಎಂಬ ಮೂರು ಅಂಗಗಳು ಇಲ್ಲಿಯೂ ಇವೆ. ಇವುಗಳಲ್ಲಿ ಒಂದು ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಅರಿಯದವನು ಗಾಬರಿಗೊಳ್ಳುತ್ತಾನೆ. ಗಾಬರಿಗೊಂಡವನು ಸುಲಭವಾಗಿ ಮೋಸಹೋಗುತ್ತಾನೆ.

ಯುಪಿಐ ಎಂಬುದು ಯೂನಿಫೈಡ್ ಪೇಮೆಂಟ್ಸ್ ಇಂಟರ್‌ಫೇಸ್ ಎಂಬ ಹೆಸರಿನ ಸಂಕ್ಷಿಪ್ತ ರೂಪ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಇದನ್ನು 2016ರಲ್ಲಿ ಆರಂಭಿಸಿತು. ಹಣವು ಫೋನಿನೊಳಗೆ ಇದೆಯೆಂದು ಅನೇಕರು ಭಾವಿಸುವುದುಂಟು. ಅದು ಸರಿಯಲ್ಲ. ಹಣವಿರುವುದು ಬ್ಯಾಂಕಿನ ಖಾತೆಯಲ್ಲಿ. ಫೋನಿನಲ್ಲಿರುವ ಆಪ್ ಕೇವಲ ಬ್ಯಾಂಕಿಗೆ ಆಜ್ಞೆಯನ್ನು ಬರೆದು ಕಳುಹಿಸುವ ಲೇಖನಿಯಂತೆ. ಹಣ ಕೊಡುವವನ ಬ್ಯಾಂಕು ಒಂದು ತುದಿಯಲ್ಲಿ, ಪಡೆಯುವವನ ಬ್ಯಾಂಕು ಇನ್ನೊಂದು ತುದಿಯಲ್ಲಿ. ನಡುವೆ ನಿಂತು ಸಂದೇಶಗಳನ್ನು ಅತ್ತಿಂದಿತ್ತ ಮುಟ್ಟಿಸುವುದು ನಿಗಮದ ಕೆಲಸ. ಈ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ.

ತಿಪಟೂರಿನ ಬಳಿಯ ಹಳ್ಳಿಯಲ್ಲಿ ಎರಡು ಹಸು ಸಾಕಿಕೊಂಡಿರುವ ಒಬ್ಬ ಗೃಹಿಣಿಯು ಮೊದಲ ಬಾರಿಗೆ ಯುಪಿಐ ಬಳಸಲು ತೊಡಗಿದಳೆಂದು ಭಾವಿಸೋಣ. ಆಕೆಯ ಖಾತೆಗೆ ಸೇರಿಸಿರುವ ಮೊಬೈಲ್ ಸಂಖ್ಯೆಯ ಸಿಮ್ ಅದೇ ಫೋನಿನಲ್ಲಿರಬೇಕು. ಆಪ್ ಆ ಸಿಮ್ಮಿನಿಂದ ಒಂದು ಸಂದೇಶವನ್ನು ಕಳುಹಿಸಿ, ಸಂಖ್ಯೆಯು ಈ ಫೋನಿನಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳುತ್ತದೆ. ಆ ಬಳಿಕ ಆಕೆ ತನ್ನ ಬ್ಯಾಂಕನ್ನು ಆರಿಸಿದಾಗ ಖಾತೆಯು ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಅನಂತರ ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿಗಳನ್ನೂ ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷವನ್ನೂ ನಮೂದಿಸಬೇಕು. ಬ್ಯಾಂಕು ಒಮ್ಮೆ ಮಾತ್ರ ಬಳಸಬಹುದಾದ ಸಂಖ್ಯೆಯೊಂದನ್ನು, ಅಂದರೆ ಓಟಿಪಿಯನ್ನು, ಕಳುಹಿಸುತ್ತದೆ. ಅದನ್ನು ತುಂಬಿದ ಮೇಲೆ ಆಕೆ ತನಗೆ ಬೇಕಾದ ಗುಪ್ತಸಂಖ್ಯೆಯನ್ನು ಗೊತ್ತುಮಾಡಿಕೊಳ್ಳುತ್ತಾಳೆ. ಇದೇ ಯುಪಿಐ ಪಿನ್. ಬ್ಯಾಂಕಿಗೆ ತಕ್ಕಂತೆ ಇದರಲ್ಲಿ 4 ಅಥವಾ 6 ಅಂಕಿಗಳಿರುತ್ತವೆ. ಡೆಬಿಟ್ ಕಾರ್ಡ್ ಇಲ್ಲದವರು ಆಧಾರ್ ಮೂಲಕ ಪಿನ್ ಪಡೆಯುವ ಅವಕಾಶವನ್ನೂ ಅನೇಕ ಬ್ಯಾಂಕುಗಳು ಕಲ್ಪಿಸಿವೆ.

ಫೋನಿನ ಬೀಗ ತೆಗೆಯುವ ಸಂಖ್ಯೆಯೇ ಬೇರೆ, ಈ ಪಿನ್ನೇ ಬೇರೆ. ಪಿನ್ ಒತ್ತುವ ಪುಟವು ಆಪ್‌ನೊಳಗೆ ಕಂಡರೂ ಅದನ್ನು ಒದಗಿಸಿರುವುದು ನಿಗಮ. ಒತ್ತಿದ ಅಂಕಿಗಳು ಫೋನಿನಲ್ಲಿಯೇ ಗೂಢಲಿಪಿಯಾಗಿ ಮಾರ್ಪಟ್ಟು ಖಾತೆದಾರಳ ಬ್ಯಾಂಕಿಗೆ ಹೋಗುತ್ತವೆ. ಪಿನ್ ಸರಿಯೇ ತಪ್ಪೇ ಎಂದು ನಿರ್ಣಯಿಸುವುದು ಆ ಬ್ಯಾಂಕಿನ ಯಂತ್ರ. ಆಪ್ ನಡೆಸುವ ಕಂಪನಿಗಾಗಲಿ ಅಂಗಡಿಯವನಿಗಾಗಲಿ ಬ್ಯಾಂಕಿನ ಗುಮಾಸ್ತನಿಗಾಗಲಿ ಅದು ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ.

ಪಿನ್ ಒತ್ತುವುದೆಂದರೆ ಚೆಕ್ಕಿಗೆ ಸಹಿ ಹಾಕಿದಂತೆ. ತನ್ನ ಖಾತೆಯಿಂದ ಹಣ ಕೊಡುವಾಗ ಅದು ಬೇಕು. ಖಾತೆಯ ಶಿಲ್ಕು ನೋಡುವಾಗಲೂ ಕೇಳುತ್ತಾರೆ. ಆದರೆ ಹಣ ಪಡೆಯಲು ಅದು ಎಂದೆಂದಿಗೂ ಬೇಕಿಲ್ಲ. ತನಗೆ ಬರುವ ಹಣಕ್ಕಾಗಿ ಯಾರಾದರೂ ತನ್ನ ಚೆಕ್ಕಿಗೆ ಸಹಿ ಹಾಕುವರೆ? ಪಿನ್ನನ್ನು ಮೇಲಿಂದ ಮೇಲೆ ತಪ್ಪಾಗಿ ಒತ್ತಿದರೆ ಬ್ಯಾಂಕು ಕೆಲವು ಗಂಟೆಗಳ ಕಾಲ, ಸಾಮಾನ್ಯವಾಗಿ ಒಂದು ದಿನ, ಪಾವತಿಯನ್ನು ತಡೆಹಿಡಿಯುತ್ತದೆ. ಮರೆತುಹೋದರೆ ಹಳೆಯ ಪಿನ್ನನ್ನು ಯಾರೂ ಹೇಳಲಾರರು. ಮೊದಲಿನ ಕ್ರಮದಲ್ಲಿಯೇ ಹೊಸದನ್ನು ಗೊತ್ತುಮಾಡಿಕೊಳ್ಳಬೇಕು. ಸಣ್ಣ ಮೊತ್ತಗಳಿಗೆ ಪಿನ್ ಕೇಳದ ಏರ್ಪಾಡುಗಳೂ ಈಗ ಬಂದಿವೆ. ಆದರೆ ಹೊಸಬರು ಮೊದಲು ಪಿನ್ನಿನ ಮರ್ಮವನ್ನು ಅರಿಯುವುದು ಮೇಲು.

ಪಿನ್ ದೊರೆತ ದಿನವೇ ಆ ಗೃಹಿಣಿಯು ಹಾಲು ಕರೆಯುವ ಯಂತ್ರಕ್ಕೆಂದು 12,000 ರೂಪಾಯಿ ಕೊಡಲು ಹೊರಟಳೆನ್ನೋಣ. ಖಾತೆಯಲ್ಲಿ ಸಾಕಷ್ಟು ಹಣವಿದ್ದರೂ ಪಾವತಿಯು ನಿರಾಕೃತವಾಗುತ್ತದೆ. ಕಾರಣವಿಷ್ಟೆ: ಹೊಸದಾಗಿ ಸೇರಿದವರಿಗೆ ಮೊದಲ 24 ಗಂಟೆಗಳಲ್ಲಿ ಸಾಮಾನ್ಯವಾಗಿ 5,000 ರೂಪಾಯಿಗಳ ಮಿತಿ ಇರುತ್ತದೆ. ಫೋನನ್ನು ಬದಲಿಸಿದಾಗಲೂ ಇಂತಹ ತಡೆ ಬರುತ್ತದೆ. ಇದು ಕಿರುಕುಳವಲ್ಲ, ಕಾವಲು. ಕಳ್ಳನೊಬ್ಬನು ಬೇರೆಯವರ ಸಿಮ್ಮನ್ನೂ ಕಾರ್ಡಿನ ವಿವರಗಳನ್ನೂ ಹೇಗೋ ಸಂಪಾದಿಸಿ ತನ್ನ ಫೋನಿನಲ್ಲಿ ಆಪ್ ತೆರೆದನೆಂದರೆ, ಆ ಒಂದು ದಿನ ಅವನ ಕೈಗೆ ಸಿಗುವುದು ಅಲ್ಪವೇ. ಅಷ್ಟರಲ್ಲಿ ಖಾತೆದಾರನು ಎಚ್ಚೆತ್ತು ಬ್ಯಾಂಕಿಗೆ ತಿಳಿಸಬಹುದು.

ಆ ಅವಧಿ ಕಳೆದ ಮೇಲೆ ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸುವ ಹಣಕ್ಕೆ ದಿನಕ್ಕೆ 1 ಲಕ್ಷ ರೂಪಾಯಿಗಳ ಮಿತಿಯುಂಟು. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ತೆರಿಗೆ ಮುಂತಾದ ಕೆಲವು ಪಾವತಿಗಳಿಗೆ ಮಿತಿಯು ಇದಕ್ಕಿಂತ ಹೆಚ್ಚು. ಇವು ಗರಿಷ್ಠ ಮಿತಿಗಳು. ತನ್ನ ಗ್ರಾಹಕರಿಗೆ ಇನ್ನೂ ಕಡಿಮೆ ಮಿತಿಯನ್ನು ವಿಧಿಸುವ ಅಧಿಕಾರ ಪ್ರತಿಯೊಂದು ಬ್ಯಾಂಕಿಗೂ ಇದೆ. ಎರಡು ಆಪ್‌ಗಳನ್ನು ಇಟ್ಟುಕೊಂಡ ಮಾತ್ರಕ್ಕೆ ಖಾತೆಯ ಮಿತಿ ಇಮ್ಮಡಿಯಾಗುವುದಿಲ್ಲ, ಏಕೆಂದರೆ ಲೆಕ್ಕವಿಡುವುದು ಬ್ಯಾಂಕು. ಮಿತಿ ಮೀರಿದ ಆಜ್ಞೆಯನ್ನು ಬ್ಯಾಂಕು ಬಾಗಿಲಲ್ಲಿಯೇ ನಿಲ್ಲಿಸುತ್ತದೆ. ಹಣ ಖಾತೆಯಿಂದ ಹೊರಡುವುದೇ ಇಲ್ಲವಾದುದರಿಂದ ಅಲ್ಲಿ ಮರಳಿ ಬರುವ ಮಾತೂ ಇಲ್ಲ.

ನಿಜವಾದ ತೊಡಕು ಬೇರೊಂದು. ಹಣ ಖಾತೆಯಿಂದ ಹೊರಟಿದೆ, ಆದರೆ ಆ ಕಡೆಗೆ ಮುಟ್ಟಿಲ್ಲ. ಅದೇ ಗೃಹಿಣಿಯು ತಿಂಗಳ 8ನೆಯ ತಾರೀಖಿನಂದು ಅಂಗಡಿಯಲ್ಲಿ ಹಿಂಡಿ ಬೂಸಾ ಕೊಂಡು 640 ರೂಪಾಯಿ ಪಾವತಿ ಮಾಡಿದಳೆನ್ನೋಣ. ಖಾತೆಯಿಂದ 640 ರೂಪಾಯಿ ಕಡಿತವಾಯಿತೆಂದು ಬ್ಯಾಂಕಿನ ಸಂದೇಶ ಬಂದಿತು. ಆದರೆ ಅಂಗಡಿಯ ಧ್ವನಿಪೆಟ್ಟಿಗೆ ಮಾತಾಡಲಿಲ್ಲ. ಆಪ್ ತೆರೆದು ನೋಡಿದರೆ "Pending" ಎಂದು, ಅಂದರೆ ಇನ್ನೂ ತೀರ್ಮಾನವಾಗಿಲ್ಲವೆಂದು, ತೋರಿಸುತ್ತಿದೆ.

ಇಲ್ಲಿ ಏನಾಯಿತು? ಆಕೆಯ ಬ್ಯಾಂಕು ಪಿನ್ನನ್ನು ಒಪ್ಪಿ ಹಣವನ್ನು ಕಳೆಯಿತು. ನಿಗಮವು ಅಂಗಡಿಯವನ ಬ್ಯಾಂಕಿಗೆ ಜಮೆ ಮಾಡುವಂತೆ ಸಂದೇಶವಿತ್ತಿತು. ಆ ಬ್ಯಾಂಕಿನ ಯಂತ್ರವು ನಿಧಾನವಾಗಿಯೋ ಸಂಪರ್ಕ ಕಡಿದೋ ಉತ್ತರ ಸಕಾಲದಲ್ಲಿ ಬರಲಿಲ್ಲ. ಜಮೆಯಾಗದೆ ಉತ್ತರ ಬಾರದಿರಬಹುದು. ಜಮೆಯಾಗಿಯೂ ಉತ್ತರ ಮಾತ್ರ ತಪ್ಪಿರಬಹುದು. ಎರಡು ಬ್ಯಾಂಕುಗಳೂ ಲೆಕ್ಕವನ್ನು ತಾಳೆ ನೋಡುವವರೆಗೆ ಯಾವುದು ನಿಜವೆಂದು ಹೇಳಲಾಗದು. ಆದುದರಿಂದಲೇ ಇಂತಹ ಹೊತ್ತಿನಲ್ಲಿ ಆತುರದಿಂದ ಇನ್ನೊಮ್ಮೆ ಪಾವತಿ ಮಾಡಬಾರದು. ಎರಡೂ ಬಾರಿಯ ಹಣ ಅಂಗಡಿಯವನಿಗೆ ಸೇರಿಬಿಡಬಹುದು. ತುಸು ಹೊತ್ತು ಕಾದು ಮತ್ತೆ ನೋಡಬೇಕು. ಸಾಮಾನು ಒಡನೆಯೇ ಬೇಕಿದ್ದರೆ ನಗದು ಕೊಟ್ಟು, ಮೊದಲಿನ ಹಣ ಬಂದರೆ ಹಿಂದಿರುಗಿಸುವಂತೆ ಅಂಗಡಿಯವನಿಂದ ಚೀಟಿ ಬರೆಸಿಕೊಳ್ಳಬಹುದು. ಪ್ರತಿಯೊಂದು ಪಾವತಿಗೂ ಆಪ್‌ನಲ್ಲಿ 12 ಅಂಕಿಗಳ ವ್ಯವಹಾರ ಸಂಖ್ಯೆಯೊಂದು ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಬೇಕು. ದೂರಿಗೆ ಅದೇ ಆಧಾರ.

ಹಣ ತಲುಪಿಲ್ಲವೆಂದು ಗೊತ್ತಾದರೆ ಅದು ತಾನಾಗಿಯೇ ಆಕೆಯ ಖಾತೆಗೆ ಮರಳಬೇಕು. ಇದಕ್ಕೆ ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಗಡುವುಗಳನ್ನು ಗೊತ್ತುಮಾಡಿ ಆಜ್ಞೆ ಹೊರಡಿಸಿತು. ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣವಾದರೆ ಮರುದಿನದೊಳಗೆ ಹಿಂದಿರುಗಬೇಕು. ವ್ಯಾಪಾರಿಗೆ ಮಾಡಿದ ಪಾವತಿಯಾದರೆ 5 ದಿನಗಳೊಳಗೆ ಹಿಂದಿರುಗಬೇಕು. ಗಡುವು ಮೀರಿದರೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರವನ್ನು ಗ್ರಾಹಕನ ಖಾತೆಗೆ ಜಮೆ ಮಾಡಬೇಕು. ಅದಕ್ಕಾಗಿ ಗ್ರಾಹಕನು ದೂರು ಕೊಡಲೆಂದು ಕಾಯಬಾರದೆಂಬುದೂ ಆಜ್ಞೆಯಲ್ಲಿದೆ.

ಈಗ ಗೃಹಿಣಿಯ ಲೆಕ್ಕವನ್ನು ನೋಡೋಣ. ಪಾವತಿ ಮಾಡಿದ್ದು 8ನೆಯ ತಾರೀಖು, ವ್ಯಾಪಾರಿಗೆ. ಆದ್ದರಿಂದ ಗಡುವು 13ನೆಯ ತಾರೀಖು. ಹಣವು 15ರಂದು ಮರಳಿತೆಂದರೆ 2 ದಿನ ತಡ. 640 ರೂಪಾಯಿಗಳೊಡನೆ 200 ರೂಪಾಯಿ ಪರಿಹಾರ ಆಕೆಗೆ ಸಲ್ಲಬೇಕು. ಅದೇ 8ರಂದು ತಮ್ಮನಿಗೆ ಕಳುಹಿಸಿದ ಹಣವು ತಲುಪದೆ 12ರಂದು ಮರಳಿದ್ದರೆ, ಗಡುವು 9ನೆಯ ತಾರೀಖಾದುದರಿಂದ 3 ದಿನಗಳಿಗೆ 300 ರೂಪಾಯಿ. ಗಡುವು ಕಳೆದರೂ ಹಣ ಬಾರದಿದ್ದರೆ ಮೊದಲು ಆಪ್‌ನಲ್ಲಿ ಆ ಪಾವತಿಯ ಪುಟದಿಂದಲೇ ದೂರು ದಾಖಲಿಸಬೇಕು, ಬಳಿಕ ತನ್ನ ಬ್ಯಾಂಕಿಗೆ ಬರೆದು ಕೊಡಬೇಕು. 30 ದಿನಗಳಾದರೂ ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಒಂದು ಭೇದವನ್ನು ಇಲ್ಲಿ ಮರೆಯಬಾರದು. ಸಂಖ್ಯೆಯನ್ನು ತಪ್ಪಾಗಿ ಒತ್ತಿ ಬೇರೊಬ್ಬರಿಗೆ ಹಣ ಕಳುಹಿಸಿದರೆ ಅದು ವಿಫಲವಾದ ಪಾವತಿಯಲ್ಲ. ವ್ಯವಸ್ಥೆಯ ದೃಷ್ಟಿಯಲ್ಲಿ ಅದು ಸಫಲವಾಗಿದೆ. ಅದು ತಾನಾಗಿ ಮರಳದು. ಬ್ಯಾಂಕಿಗೆ ದೂರಿತ್ತು, ಪಡೆದವರ ಒಪ್ಪಿಗೆಯಿಂದಲೇ ಸಾಮಾನ್ಯವಾಗಿ ಹಿಂಪಡೆಯಬೇಕಾಗುತ್ತದೆ. ಆದುದರಿಂದ ಪಿನ್ ಒತ್ತುವ ಮುನ್ನ ಪರದೆಯ ಮೇಲೆ ಕಾಣುವ ಹೆಸರನ್ನು ಓದಬೇಕು.

ಹಣ ಸಿಕ್ಕಿಕೊಂಡ ಈ ದಿನಗಳೇ ವಂಚಕರಿಗೆ ಸುಗ್ಗಿ. ಕಳವಳಗೊಂಡವನು ಇಂಟರ್‌ನೆಟ್ಟಿನಲ್ಲಿ ಸಹಾಯವಾಣಿಯನ್ನು ಹುಡುಕುತ್ತಾನೆ. ಅಲ್ಲಿ ವಂಚಕರು ಇಟ್ಟ ಸಂಖ್ಯೆಗೆ ಕರೆ ಮಾಡುತ್ತಾನೆ. "ನಿಮ್ಮ 640 ರೂಪಾಯಿ ಇಲ್ಲಿಯೇ ಇದೆ, ಈ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಕೂಡಲೇ ಬರುತ್ತದೆ" ಎಂದು ಆ ಕಡೆಯ ಧ್ವನಿ ಸೌಜನ್ಯದಿಂದ ನುಡಿಯುತ್ತದೆ. ಒತ್ತಿದೊಡನೆ ಖಾತೆಯಿಂದ ಇನ್ನಷ್ಟು ಹಣ ಹೊರಟುಹೋಗುತ್ತದೆ. ಹೀಗಾದಲ್ಲಿ ತಡಮಾಡದೆ ಬ್ಯಾಂಕಿಗೂ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೂ ತಿಳಿಸಬೇಕು. ಆದರೆ ಮೇಲೆ ವಿವರಿಸಿದ ದಾರಿಯನ್ನು ಬಲ್ಲವನು ಆ ಮಾತಿಗೆ ಮರುಳಾಗುವುದಿಲ್ಲ. ಪಿನ್ ಎಂಬುದು ಕೊಡುವವನ ಸಹಿ. ಮರಳಿ ಬರಬೇಕಾದ ಹಣವು ಬ್ಯಾಂಕುಗಳ ಲೆಕ್ಕದಿಂದ ತಾನಾಗಿ ಬರುತ್ತದೆ. ಅದಕ್ಕೆ ಯಾರ ಸಹಿಯೂ ಬೇಕಿಲ್ಲ.

ಅಭ್ಯಾಸ

1. ಯುಪಿಐ ಪಿನ್ನನ್ನು ಚೆಕ್ಕಿನ ಸಹಿಗೆ ಹೋಲಿಸಿರುವುದೇಕೆ?
2. ಮಿತಿ ಮೀರಿ ನಿರಾಕೃತವಾದ ಪಾವತಿಗೂ ನಡುದಾರಿಯಲ್ಲಿ ನಿಂತ ಪಾವತಿಗೂ ಇರುವ ವ್ಯತ್ಯಾಸವೇನು?
3. 20ನೆಯ ತಾರೀಖಿನಂದು ಗೆಳೆಯನಿಗೆ ಕಳುಹಿಸಿದ 1,500 ರೂಪಾಯಿ ತಲುಪದೆ 25ರಂದು ಮರಳಿತು. ದೊರೆಯಬೇಕಾದ ಪರಿಹಾರವೆಷ್ಟು?