ತಿಂಗಳಿಗೆ ಎಷ್ಟು ಸಲ ತಿನ್ನುತ್ತೀರಿ?

‘ನೀವು ಸಸ್ಯಾಹಾರಿಯೇ?’ ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಹೌದು-ಇಲ್ಲದಲ್ಲಿ ಮುಗಿಯುವುದಿಲ್ಲ. ಒಬ್ಬರು ಮೊಟ್ಟೆ ತಿನ್ನುತ್ತಾರೆ, ಮಾಂಸ ಮುಟ್ಟುವುದಿಲ್ಲ. ಇನ್ನೊಬ್ಬರದು ಮನೆಯಲ್ಲಿ ಸೊಪ್ಪು-ಸಾರು, ಹೊರಗೆ ಚಿಕನ್ ಬಿರಿಯಾನಿ. ಮತ್ತೊಬ್ಬರಿಗೆ ಸೋಮವಾರ, ಶನಿವಾರ, ಶ್ರಾವಣ ಬಿಟ್ಟರೆ ಬಾಡೂಟಕ್ಕೆ ಅಡ್ಡಿಯಿಲ್ಲ. ತುಂಡು ಬೇಡವೆಂದು ಕೋಳಿಸಾರನ್ನಷ್ಟೇ ಹಾಕಿಸಿಕೊಳ್ಳುವವರೂ ಉಂಟು. ಇವರ ಊಟಕ್ಕೂ ಸಕ್ಕರೆ ಕಾಯಿಲೆಗೂ ನಂಟು ಹುಡುಕುವ ಸಂಶೋಧಕರು ಮೊದಲು ಯಾರು ಏನನ್ನು ಎಷ್ಟು ತಿನ್ನುತ್ತಾರೆ ಎಂದು ಅಳೆಯಬೇಕು.

ಅದಕ್ಕೆ ಬಳಸುವ ಸಾಧನವೇ ಆಹಾರ ಆವರ್ತನ ಪ್ರಶ್ನಾವಳಿ. ತಿನಿಸುಗಳ ಪಟ್ಟಿಯೊಂದನ್ನು ಮುಂದಿಟ್ಟು, ಕಳೆದ ಒಂದು ವರ್ಷದಲ್ಲಿ ಪ್ರತಿಯೊಂದನ್ನೂ ಎಷ್ಟು ಸಲ, ಎಷ್ಟು ಪ್ರಮಾಣದಲ್ಲಿ ತಿಂದಿರಿ ಎಂದು ಕೇಳುತ್ತಾರೆ. ಉತ್ತರಗಳನ್ನು ಪೋಷಕಾಂಶಗಳ ಕೋಷ್ಟಕಕ್ಕೆ ಜೋಡಿಸಿದರೆ ದಿನದ ಸರಾಸರಿ ಪ್ರೋಟೀನು, ಕಬ್ಬಿಣ, ಕೊಬ್ಬು ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಕೋಷ್ಟಕದಲ್ಲಿ 528 ಆಹಾರಗಳ ವಿವರಗಳಿವೆ.

ಸಸ್ಯಾಹಾರಿ ಯಾರೆಂಬುದನ್ನೂ ಆವರ್ತನದಿಂದಲೇ ನಿರ್ಧರಿಸಬಹುದು. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯ 2002ರಲ್ಲಿ ಆರಂಭಿಸಿದ ಅಡ್ವೆಂಟಿಸ್ಟ್ ಆರೋಗ್ಯ ಅಧ್ಯಯನದ ಎರಡನೆಯ ಹಂತದಲ್ಲಿ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂಬುದು ಮುಖ್ಯವಾಗಲಿಲ್ಲ. ಮಾಂಸ, ಮೀನು ತಿಂಗಳಿಗೊಮ್ಮೆಗಿಂತ ಕಡಿಮೆಯಿದ್ದು ಹಾಲು, ಮೊಟ್ಟೆ ಇದ್ದರೆ ಒಂದು ಗುಂಪು. ಮಾಂಸ-ಮೀನು ಸೇರಿ ತಿಂಗಳಿಗೆ ಒಮ್ಮೆಯಾದರೂ ಇದ್ದು, ವಾರಕ್ಕೊಂದು ಸಲ ಮೀರದಿದ್ದರೆ ಅರೆಸಸ್ಯಾಹಾರಿ. ಗೆರೆಯನ್ನು ಮೊದಲೇ ಎಳೆದಿದ್ದರಿಂದ ಯಾರು ಯಾವ ಗುಂಪು ಎಂಬ ಗೊಂದಲ ಉಳಿಯಲಿಲ್ಲ.

ಆದರೆ ಆ ಪಟ್ಟಿಯನ್ನು ಮಂಡ್ಯಕ್ಕೋ ಬೆಂಗಳೂರಿಗೋ ಹಾಗೆಯೇ ತರಲಾಗದು. ಮೊದಲು ಅದೇ ಬಗೆಯ ಕೆಲವರಿಂದ ಹಿಂದಿನ ದಿನದ ಊಟದ ವಿವರ ಪಡೆದು, ಪದೇ ಪದೇ ಬರುವ ತಿನಿಸುಗಳನ್ನು ಆಯ್ದು ಪಟ್ಟಿ ಕಟ್ಟಬೇಕು. ತೊಗರಿಬೇಳೆಯ ತಿಳಿಸಾರನ್ನೂ ಗಟ್ಟಿ ಹುಳಿಯನ್ನೂ ಒಂದೇ ಸಾಲಿಗೆ ಹಾಕಿದರೆ ಪ್ರೋಟೀನಿನ ಲೆಕ್ಕವೇ ತಪ್ಪುತ್ತದೆ. ಕೋಳಿಸಾರಿಗೂ ಕೋಳಿ ತುಂಡಿಗೂ ಬೇರೆ ಸಾಲು ಬೇಕು. ಅಳತೆಯನ್ನು ಗ್ರಾಮಿನಲ್ಲಿ ಕೇಳಬಾರದು. ಸೌಟು, ಬಟ್ಟಲು, ಲೋಟ ತೋರಿಸಿ ಕೇಳಬೇಕು.

ವ್ರತದ ತಿಂಗಳುಗಳಿಗೆ ಪ್ರತ್ಯೇಕ ಪ್ರಶ್ನೆ ಅಗತ್ಯ. ಪ್ರತಿ ಭಾನುವಾರ 150 ಗ್ರಾಂ ಕೋಳಿ ತಿನ್ನುವವರೊಬ್ಬರನ್ನು ಊಹಿಸಿಕೊಳ್ಳಿ. ‘ವಾರಕ್ಕೊಮ್ಮೆ’ ಎಂದು ಬರೆದುಕೊಂಡರೆ ವರ್ಷಕ್ಕೆ 52 ಸಲ, ದಿನಕ್ಕೆ ಸರಾಸರಿ 21 ಗ್ರಾಂ. ಶ್ರಾವಣ, ಕಾರ್ತಿಕದ ಸುಮಾರು ಒಂಬತ್ತು ಭಾನುವಾರಗಳನ್ನು ಕಳೆದರೆ ಉಳಿಯುವುದು 43 ಸಲ, ಅಂದರೆ ದಿನಕ್ಕೆ ಸುಮಾರು 18 ಗ್ರಾಂ. ಒಂದು ಪ್ರಶ್ನೆ ಬಿಟ್ಟಿದ್ದಕ್ಕೆ ಲೆಕ್ಕ ಐದನೇ ಒಂದು ಪಾಲಿನಷ್ಟು ಏರಿತು.

ಇನ್ನು ಪ್ರಶ್ನಾವಳಿ ನಿಜ ಹೇಳುತ್ತಿದೆಯೇ ಎಂಬ ಪರೀಕ್ಷೆ. ಒಂದಷ್ಟು ಜನರಿಂದ ಅದನ್ನು ತುಂಬಿಸಿ, ಅವರನ್ನೇ ವರ್ಷದ ಬೇರೆ ಬೇರೆ ಕಾಲದಲ್ಲಿ ಮಾತನಾಡಿಸಿ, ಹಿಂದಿನ 24 ಗಂಟೆಗಳ ಊಟವನ್ನು ಕೇಳಿ ಬರೆದುಕೊಳ್ಳುತ್ತಾರೆ. ಎರಡೂ ಎಷ್ಟು ಹೊಂದುತ್ತವೆ ಎಂದು ನೋಡುತ್ತಾರೆ. ಹೊಂದಾಣಿಕೆಯ ಅಂಕ ಪೂರ್ಣವಾದರೆ 1. ಇಂಥ ಪ್ರಶ್ನಾವಳಿಗಳಿಗೆ ಸಾಮಾನ್ಯವಾಗಿ 0.5ರಿಂದ 0.7 ಬಂದರೆ ಒಪ್ಪುತ್ತಾರೆ.

ಮಿಶ್ರ ಆಹಾರದವರಲ್ಲಿ ಈ ಅಂಕ ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಮೊದಲನೆಯದು ಅಪರೂಪದ ಊಟ. ಹದಿನೈದು ದಿನಕ್ಕೊಮ್ಮೆ ಮಾಂಸ ತಿನ್ನುವವರನ್ನು ಯಾವುದೋ ಮೂರು ದಿನ ಕೇಳಿದರೆ, ಐವರಲ್ಲಿ ನಾಲ್ವರ ಲೆಕ್ಕದಲ್ಲಿ ಮಾಂಸ ಸೊನ್ನೆಯೇ ಇರುತ್ತದೆ. ಆಗ ಪ್ರಶ್ನಾವಳಿ ಸರಿಯಿದ್ದರೂ ತಪ್ಪೆಂದು ಕಾಣುತ್ತದೆ, ಏಕೆಂದರೆ ಸೋತಿರುವುದು ಹೋಲಿಕೆಗೆ ಇಟ್ಟ ಅಳತೆ. ದಿನಗಳನ್ನು ಹೆಚ್ಚಿಸಬೇಕು, ಅವುಗಳಲ್ಲಿ ಭಾನುವಾರ ಇರಬೇಕು, ಎಲ್ಲವೂ ಶ್ರಾವಣದಲ್ಲೇ ಬೀಳಬಾರದು.

ಎರಡನೆಯದು ಇದಕ್ಕೆ ತದ್ವಿರುದ್ಧ. ಮಾಂಸವನ್ನೇ ಮುಟ್ಟದವರು ಎರಡೂ ಕಡೆ ಸೊನ್ನೆ ಬರೆಸುತ್ತಾರೆ. ಅಂಥವರನ್ನೂ ನಿತ್ಯ ಮಾಂಸ ತಿನ್ನುವವರನ್ನೂ ಒಟ್ಟಿಗೆ ಸೇರಿಸಿದರೆ ಮಾಂಸದ ಅಂಕ ಸೊಗಸಾಗಿ ಮೇಲೇರುತ್ತದೆ. ಪ್ರಶ್ನಾವಳಿ ತೋರಿಸಿದ್ದು ಯಾರು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ ಎಂಬುದನ್ನು ಮಾತ್ರ. ತಿನ್ನುವವರಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂದು ತಿಳಿಯಲು ಅವರ ಗುಂಪನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಎರಡೂ ವಿಧಾನ ನೆನಪನ್ನೇ ನೆಚ್ಚಿಕೊಂಡಿರುವುದರಿಂದ ಎಣ್ಣೆ, ಸಿಹಿಯನ್ನು ಕಡಿಮೆ ಹೇಳುವವರು ಎರಡರಲ್ಲೂ ಹಾಗೆಯೇ ಹೇಳಬಹುದು. ಪ್ರೋಟೀನಿನ ಮಟ್ಟಿಗೆ ಇದನ್ನು ಹಿಡಿಯಲು 24 ಗಂಟೆಗಳ ಮೂತ್ರದಲ್ಲಿರುವ ಸಾರಜನಕವನ್ನು ಅಳೆಯುವ ದಾರಿಯಿದೆ. ದುಬಾರಿಯಾದ್ದರಿಂದ ಅದನ್ನು ಕೆಲವರಲ್ಲಿ ಮಾತ್ರ ಮಾಡಲಾದೀತು.

ಇಷ್ಟೆಲ್ಲ ಪರೀಕ್ಷೆ ದಾಟಿದ ಪ್ರಶ್ನಾವಳಿ ಕೂಡ ಮಾಡುವ ಕೆಲಸ ಸೀಮಿತ. ಸಾವಿರ ಜನರನ್ನು ಹೆಚ್ಚು ತಿನ್ನುವವರು, ಕಡಿಮೆ ತಿನ್ನುವವರು ಎಂದು ಸಾಲಾಗಿ ನಿಲ್ಲಿಸಲು ಅದು ಸಾಕು. ಒಬ್ಬರಿಗೆ ಕಬ್ಬಿಣ ಎಷ್ಟು ಮಿಲಿಗ್ರಾಂ ಕಡಿಮೆಯಾಗಿದೆ ಎಂದು ಅದರಿಂದ ಹೇಳಲು ಹೊರಡಬಾರದು.